ಪದ ಬೇಕು: ಮನೆ ನಕ್ಷೆಯಲ್ಲಿ ‘ಸ್ಕೈಲೈಟ್’, ‘ವಾಯ್ಡ್’ಗೆ ಏನು ಬರೆಯೋಣ?

ನಮಸ್ಕಾರ. ಬೆಂಗಳೂರಿನ 20×40 ಸೈಟಿನ ಮನೆಯೊಂದರ ನಕ್ಷೆಗೆ ಕನ್ನಡದಲ್ಲಿ ಹೆಸರು ಬರೆದುಕೊಡಬೇಕು. ನಾಳೆ ಬೆಳಿಗ್ಗೆ ಅದು ಮೇಸ್ತ್ರಿ ಕೈ ಸೇರಬೇಕು. ರಸ್ತೆ ಕಡೆ ಇರೋದು 20 ಅಡಿ. ಎರಡೂ ಪಕ್ಕ ಮನೆಗಳು ಒತ್ತಿಕೊಂಡಿವೆ, ಅಲ್ಲಿ ಕಿಟಕಿ ಇಟ್ಟರೆ ಕಾಣೋದು ಪಕ್ಕದವರ ಗೋಡೆ. ಅದಕ್ಕೇ ಮೆಟ್ಟಿಲ ಪಕ್ಕ 5×6 ಅಡಿಯನ್ನು ಯಾವ ಮಹಡಿಯಲ್ಲೂ ಮುಚ್ಚದೆ ಬಿಟ್ಟು, ತಾರಸಿ ಮೇಲೆ ಗಾಜು ಕೂರಿಸುತ್ತಾರೆ. ಗಾಜಿಗೊಂದು, ನಡುವಿನ ಖಾಲಿಗೊಂದು ಪದ ಹೇಳಿ. ಖಾಲಿಗೆ ‘ತೆರಪು’ ಆಗುತ್ತಾ?
– ಪ್ರ. ಎಸ್.

> ‘ಬೆಳಕಿಂಡಿ’ ಇರುವಾಗ ಹುಡುಕೋದೇನು? ಬೆಳಕು, ಕಿಂಡಿ, ಎರಡು ಕಕಾರದಲ್ಲಿ ಒಂದು ಬಿದ್ದಿದೆ. ಎರಡಕ್ಕೂ ಇದೊಂದೇ ಸಾಕು. ‘ಗವಾಕ್ಷಿ’ ಮಾತ್ರ ಬೇಡ, ಅದು ಸಂಸ್ಕೃತದ್ದು.
– ಎನ್. ಜಿ.

> ನಮ್ಮ ಕಡೆ ಮಣ್ಣಿನ ಮಾಳಿಗೆಯ ಕಿಂಡಿಗೆ ಗವಾಕ್ಷಿ ಅಂತಲೇ ಅನ್ನೋದು. ಮಳೆ ಬಂದರೆ ಮೇಲೆ ಓಡಿ ಅದನ್ನು ಮುಚ್ಚೋದು ಮಕ್ಕಳ ಕೆಲಸ. ಅಕ್ಷರ ಬಾರದ ಅಜ್ಜಿ ಆಡೋ ಮಾತು ಕನ್ನಡ ಅಲ್ವಾ?
– ಕೆ. ವಿ., ಧಾರವಾಡ

> ಎನ್. ಜಿ. ಅವರೇ, ಒಂದೇ ಪದ ಸಾಲದು. ಗಾಜು ಇರೋದು ಮೇಲೆ, ಖಾಲಿ ಇರೋದು ಪ್ರತಿ ಮಹಡಿಯಲ್ಲಿ. ‘ತೆರಪು’ ಅಂದರೆ ಸೈಟಿನಲ್ಲಿ ಯಾರಿಗೂ ತಿಳಿಯಲ್ಲ. ಒಂದು ಕಡೆ ನಕ್ಷೆಯಲ್ಲಿ ಅಡ್ಡಗೀಟು ಮಾತ್ರ ಇತ್ತು, ಕಂಬಿ ಕಟ್ಟುವವರು ಅದರ ಮೇಲೂ ಕಂಬಿ ಹಾಸಿಬಿಟ್ಟಿದ್ದರು. ಕಾಂಕ್ರೀಟ್ ಬೀಳೋ ಮುಂಚೆ ಕಣ್ಣಿಗೆ ಬಿತ್ತು. ಕೆಲಸದವರು ‘ಕಟೌಟ್’ ಅನ್ನುತ್ತಾರೆ, ಅದನ್ನೇ ಬರೆಯಿರಿ.
>
> ಜಾಗವನ್ನೂ ನೋಡಿಕೊಳ್ಳಿ. ಕಿಟಕಿಯ ಬೆಳಕು ಸುಮಾರಾಗಿ ಅದರ ಮೇಲಂಚಿನ ಎತ್ತರದ ಎರಡರಷ್ಟು ಒಳಗೆ ಬರುತ್ತೆ. 7 ಅಡಿಗೆ ಲಿಂಟಲ್ ಇದ್ದರೆ 14 ಅಡಿ. ಹಿಂದೆ ಮುಂದೆ ಬಿಟ್ಟು ಮನೆಯ ಉದ್ದ 34 ಅಡಿ ಅಂದುಕೊಂಡರೆ, ನಟ್ಟನಡುವೆ 6 ಅಡಿ ಕತ್ತಲು. ಕಟೌಟ್ ಅಲ್ಲೇ ಬರಬೇಕು. ಕೆಳಮನೆಗೆ ಸಿಗೋದು ಗೋಡೆಗೆ ಬಡಿದು ಇಳಿದ ಬೆಳಕೇ ಜಾಸ್ತಿ. ಆ ಗೋಡೆಗೆ ಬಿಳಿ ಸುಣ್ಣ ಬಿಟ್ಟು ಬೇರೆ ಬಣ್ಣ ಬಳಿಯಬೇಡಿ.
– ಆರ್., ಮೈಸೂರು

> ನಾವೂ ತೊಟ್ಟಿ ಮಾಡಿಸಿ ಮೇಲೆ ಗಾಜು ಹಾಕಿಸಿದೆವು. ಏಪ್ರಿಲ್‌ನಲ್ಲಿ ಮೇಲಿನ ರೂಮಲ್ಲಿ ಮಧ್ಯಾಹ್ನ ಕೂರೋಕಾಗಲ್ಲ. ಗಾಜು ತೆಗೆಸಿಬಿಡಲಾ?
– ಸು.

> ಮಳೆ ಬೀಳದ್ದು ತೊಟ್ಟಿಯೇ ಅಲ್ಲ.
– ಎನ್. ಜಿ.

> ಸು. ಅವರೇ, ತೆಗೆಸಬೇಡಿ. ಬಿಸಿಗಾಳಿ ಮೇಲೇರಿ ಗಾಜಿನ ಕೆಳಗೆ ಸಿಕ್ಕಿಕೊಂಡಿದೆ. ಸುತ್ತ ಒಂದೂವರೆ ಅಡಿ ಕಟ್ಟೆ ಎತ್ತರಿಸಿ, ಪಕ್ಕಕ್ಕೆ ಜಾಲರಿ ಬಿಡಿಸಿ. ತಾರಸಿಯ ನೀರೂ ಒಳಗೆ ನುಗ್ಗಲ್ಲ. ಹೊಸದಾಗಿ ಕಟ್ಟುವವರು ಗಾಜನ್ನು ಉತ್ತರಕ್ಕೆ ನೆಟ್ಟಗೆ ನಿಲ್ಲಿಸಲಿ. ಆದರೂ ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ, ಮೇಲೊಂದು ಸಜ್ಜಾ ಬೇಕು.
– ಆರ್.

> ಕಟೌಟ್, ಲಿಂಟಲ್, ಸಜ್ಜಾ. ಹೀಗೇ ಎರವಲು ತಂದರೆ ಕನ್ನಡದಲ್ಲಿ ಉಳಿಯೋದೇನು?
– ಎನ್. ಜಿ.

> ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದದ್ದು. ಅದನ್ನೂ ಬಿಡ್ತೀರಾ?
– ಕೆ. ವಿ.

ಎಲ್ಲರಿಗೂ ಥ್ಯಾಂಕ್ಸ್. ತಾರಸಿ ಹಾಳೆಯಲ್ಲಿ ‘ಬೆಳಕಿಂಡಿ’, ಮಹಡಿ ಹಾಳೆಗಳಲ್ಲಿ ‘ಕಟೌಟ್, ಇಲ್ಲಿ ಸ್ಲ್ಯಾಬ್ ಇಲ್ಲ’ ಅಂತ ಬರೆದೆ. ಕಟೌಟ್ ಈಗ ಹಿಂದುಗಡೆ ಗೋಡೆಗೆ ಅಂಟಿಕೊಂಡಿದೆ, ಅದನ್ನು ನಡುವಿಗೆ ತರೋಕಾಗುತ್ತಾ ಅಂತ ನಕ್ಷೆ ಬರೆದವರನ್ನು ಕೇಳ್ತೀನಿ.
– ಪ್ರ. ಎಸ್.

> ಕಟೌಟ್‌ಗೆ ನನ್ನ ಒಪ್ಪಿಗೆ ಇಲ್ಲ.
– ಎನ್. ಜಿ.