ಬದಿಯಡ್ಕದಿಂದ ಜಯನಗರಕ್ಕೆ ಮೂರು ಜನ: ಬಸ್ಸೋ, ರೈಲೋ, ವಿಮಾನವೋ?

ಪ್ರಶ್ನೆ (ಬದಿಯಡ್ಕ): ನಾನು, ಹೆಂಡತಿ, 68 ವರ್ಷದ ಅಮ್ಮ. ಶನಿವಾರ 11ಕ್ಕೆ ಬೆಂಗಳೂರಿನ ಜಯನಗರದಲ್ಲಿರಬೇಕು. ತಲಾ ಬಸ್ಸಿಗೆ 1,100, ರೈಲಿನ ತ್ರೀ ಟಯರ್ ಎಸಿಗೆ 800, ಮಂಗಳೂರಿನಿಂದ ಬೆಳಗಿನ ವಿಮಾನಕ್ಕೆ 2,600 ತೋರಿಸುತ್ತಿದೆ. ವಿಮಾನ ಒಂದೇ ಗಂಟೆ, ದಾರಿಖರ್ಚೂ ಉಳಿಯುತ್ತದೆ ಅಂತ ತಮ್ಮ ಹೇಳುತ್ತಾನೆ. ಹೌದಾ?

ಟಿಕೆಟ್ ಏಜೆಂಟ್ (ಕಾಸರಗೋಡು): ಅಣ್ಣಾ, ಲೆಕ್ಕವನ್ನು ನಿಮ್ಮ ಮನೆ ಅಂಗಳದಿಂದ ಶುರು ಮಾಡಿ.

ವಿಮಾನ ಬೆಳಗ್ಗೆ ಏಳೂವರೆಗೆ ಅಂತ ಇಟ್ಟುಕೊಳ್ಳೋಣ. ಲಗೇಜ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಬದಿಯಡ್ಕದಿಂದ ಬಜ್ಪೆಗೆ ಎರಡು ಗಂಟೆ ಹಿಡಿಯಿರಿ. ಅಂದರೆ ಮುಂಜಾನೆ ನಾಲ್ಕಕ್ಕೆ ಮುಂಚೆ ಕಾರು ಹತ್ತಬೇಕು, ಅಮ್ಮ ಮೂರಕ್ಕೆ ಏಳಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಕಾರಿಗೆ ಸುಮಾರು 2,200. ಬೆಂಗಳೂರಲ್ಲಿ ಇಳಿಯುವುದು ದೇವನಹಳ್ಳಿ ಹತ್ತಿರ, ನಿಮ್ಮ ಜಯನಗರ ಊರಿನ ಆಚೆ ಕಡೆ. ಬೆಳಗಿನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ, ಟ್ಯಾಕ್ಸಿಗೆ 1,200. ವಿಮಾನ ನಿಲ್ದಾಣದಲ್ಲಿ ಮೂವರ ಕಾಫಿ ತಿಂಡಿಗೆ 600. ಟಿಕೆಟ್ 7,800 ಸೇರಿ 11,800 ಆಯಿತು. ಜಯನಗರ ಮುಟ್ಟುವಾಗ ಹತ್ತೂಮುಕ್ಕಾಲು. ಒಂದು ಗಂಟೆಯ ಪ್ರಯಾಣ ಏಳು ಗಂಟೆಯಾಯಿತು, ರಾತ್ರಿ ನಿದ್ದೆಯೂ ಹೋಯಿತು. ವಿಮಾನ ಮುಕ್ಕಾಲು ಗಂಟೆ ತಡವಾದರೆ ನಿಮ್ಮ 11 ಗಂಟೆಯ ಕೆಲಸವೂ ಹೋಯಿತು.

ಇನ್ನು ಕಣ್ಣೂರು–ಬೆಂಗಳೂರು ರೈಲು, ನಂಬರ್ 16512. ಸಂಜೆ ಆರರ ನಂತರ ಕಾಸರಗೋಡಿಗೆ ಬರುತ್ತದೆ. ಟಿಕೆಟ್ 2,400, ಸ್ಟೇಷನ್ನಿಗೆ ಕಾರು 600. ರಾತ್ರಿಗೆ ಮನೆಯ ಚಪಾತಿ, ಮೊಸರನ್ನ. ಬೆಳಗ್ಗೆ ತಿಂಡಿ 300, ಆಟೋ 250. ಒಟ್ಟು 3,550. ಏಳರ ಆಸುಪಾಸು ಬೆಂಗಳೂರು. ಹದಿನಾಲ್ಕು ಗಂಟೆ ಅಂತ ಹೆದರಬೇಡಿ, ಅದರಲ್ಲಿ ಎಂಟು ಗಂಟೆ ಮಲಗಿರುತ್ತೀರಿ.

ಬಸ್ಸಿಗೆ ಟಿಕೆಟ್ 3,300, ಕಾರು 600, ದಾರಿಯಲ್ಲಿ ಊಟ 450, ಆಟೋ 250. ಒಟ್ಟು 4,600. ಹೊತ್ತು ಕಡಿಮೆ, ಆದರೆ ಶೌಚಾಲಯಕ್ಕೆ ಬಸ್ ನಿಲ್ಲಿಸುವವರೆಗೆ ಅಮ್ಮ ಕಾಯಬೇಕು. ಎಷ್ಟೋ ಹಿರಿಯರು ಅದಕ್ಕಾಗಿಯೇ ನೀರು ಕುಡಿಯದೆ ಕೂತಿರುತ್ತಾರೆ.

ಕುಂಬಳೆಯವರು: ಏಜೆಂಟರೇ, ಸಮಯಕ್ಕೂ ಬೆಲೆ ಇದೆ ಅಲ್ವಾ? ನಾನು ತಿಂಗಳಿಗೆ ಎರಡು ಸಲ ಒಬ್ಬನೇ ಹೋಗುತ್ತೇನೆ, ವಿಮಾನವೇ ಲಾಭ. ಎಲ್ಲರಿಗೂ ಅದೇ ಸರಿ.

ಏಜೆಂಟ್: ನಿಮಗೆ ಸರಿ. ಕೈಚೀಲ ಒಂದೇ, ಮಧ್ಯಾಹ್ನದ ವಿಮಾನ, ಮಂಗಳೂರಿಗೆ ಬಸ್ಸು, ಬೆಂಗಳೂರಲ್ಲಿ ಇಳಿದ ಮೇಲೆ ವಾಯು ವಜ್ರ ಬಸ್ಸು. ಇಳಿಯುವುದು ಹೆಬ್ಬಾಳದ ಕಡೆಯಾದರೆ ಇನ್ನೂ ಒಳ್ಳೆಯದು. ಆದರೆ ಇವರು 8,250 ಜಾಸ್ತಿ ಕೊಟ್ಟು ಉಳಿಸುವ ಏಳು ಗಂಟೆ ಹೇಗೂ ನಿದ್ದೆಯ ಹೊತ್ತು. ಹಗಲಿನ ಕೆಲಸ ತಪ್ಪುವುದಾದರೆ ನಾನೂ ವಿಮಾನವನ್ನೇ ಹೇಳುತ್ತಿದ್ದೆ.

ಪೆರ್ಲದ ಅಕ್ಕ: ನಾವು ಕಳೆದ ವರ್ಷ ಮುಂಬೈಗೆ ಹೋಗುವಾಗ ಟಿಕೆಟ್ 700 ಕಡಿಮೆ ಅಂತ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಹಿಡಿದೆವು. ಇಬ್ಬರಿಗೆ 1,400 ಉಳಿಯಿತು, ಕಾರಿಗೆ 1,800 ಜಾಸ್ತಿ ಹೋಯಿತು! ಮುಂಬೈಗೆ ರೈಲೇ ಒಳ್ಳೆಯದಾ?

ಏಜೆಂಟ್: ಅಕ್ಕಾ, ಮುಂಬೈ ಲೆಕ್ಕ ಬೇರೆ, ಅಲ್ಲಿ ರೈಲಿಗೆ ಹಗಲೂ ಹೋಗುತ್ತದೆ. ತಾರೀಕು ಹೇಳಿ, ನೋಡೋಣ.

ಮುಳ್ಳೇರಿಯಾದವರು: ಮಳೆಗಾಲದಲ್ಲಿ ಆ ರೈಲನ್ನು ನಂಬುವುದು ಹೇಗೆ?

ಏಜೆಂಟ್: ಕೇಳಬೇಕಾದ ಮಾತೇ. ಸುಬ್ರಹ್ಮಣ್ಯ ರೋಡ್–ಸಕಲೇಶಪುರ ನಡುವೆ 55 ಕಿ.ಮೀ. ಘಾಟಿ, 57 ಸುರಂಗ. ರೈಲು ನಿಧಾನವಾಗಿಯೇ ಹತ್ತಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಹತ್ತಿರ ಗುಡ್ಡ ಜರಿದು ಹಲವು ದಿನ ರೈಲು ನಿಂತಿತ್ತು. ಜೋರು ಮಳೆಯಲ್ಲಿ ಶಿರಾಡಿ ರಸ್ತೆಯೂ ಮುಚ್ಚುವುದುಂಟು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ಒಂದು ದಿನ ಮೊದಲೇ ಹೊರಡಿ.

ಪ್ರಶ್ನೆ ಕೇಳಿದವರು: ರೈಲೇ ಗಟ್ಟಿ. ಸೀಟು ಸಿಗದಿದ್ದರೆ ತತ್ಕಾಲ್ ನೀವೇ ಮಾಡಿಕೊಡುತ್ತೀರಾ? ಅಮ್ಮನಿಗೆ ಲೋವರ್ ಬರ್ತ್ ಆಗಲೇಬೇಕು.

ಏಜೆಂಟ್: ಎಸಿ ತತ್ಕಾಲ್ ಹಿಂದಿನ ದಿನ ಬೆಳಗ್ಗೆ 10ಕ್ಕೆ ತೆರೆಯುತ್ತದೆ. ಮೊದಲ ಅರ್ಧ ಗಂಟೆ ನಾವು ಏಜೆಂಟರು ಮಾಡುವಂತಿಲ್ಲ, ಅಷ್ಟರಲ್ಲಿ ಸೀಟು ಖಾಲಿ. ಆಧಾರ್ ಜೋಡಿಸಿದ ನಿಮ್ಮ ಖಾತೆಯಿಂದ ನೀವೇ ಮಾಡಿ. ಅದಕ್ಕಿಂತ ಇವತ್ತೇ ಸಾಮಾನ್ಯ ಟಿಕೆಟ್ ನೋಡುವುದು ಒಳ್ಳೆಯದು.

ಲೋವರ್ ಬರ್ತ್ ವಿಷಯದಲ್ಲಿ ಒಂದು ತೊಡಕಿದೆ. ಹಿರಿಯರ ಕೋಟಾ ಸಿಗುವುದು ಅವರು ಟಿಕೆಟ್‌ನಲ್ಲಿ ಒಬ್ಬರೇ ಇದ್ದರೆ, ಇಲ್ಲವೇ ಅದೇ ಕೋಟಾಕ್ಕೆ ಸೇರುವ ಇಬ್ಬರಿದ್ದರೆ. ಮೂವರನ್ನು ಒಂದೇ ಟಿಕೆಟ್‌ಗೆ ಹಾಕಿದರೆ ಕೋಟಾ ಹೋಯಿತು.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಬೇರೆ ಟಿಕೆಟ್ ಮಾಡಿದರೆ ಬೇರೆ ಡಬ್ಬಿ ಬಂದೀತಲ್ಲ?

ಏಜೆಂಟ್: ಬರಬಹುದು. ನಿಮ್ಮ ಹೆಂಡತಿಗೆ 45 ದಾಟಿದ್ದರೆ ಅತ್ತೆ, ಸೊಸೆ ಇಬ್ಬರನ್ನು ಒಂದೇ ಟಿಕೆಟ್‌ಗೆ ಹಾಕಬಹುದು. ವಯಸ್ಸು ಎಷ್ಟು?

ಪ್ರಶ್ನೆ ಕೇಳಿದವರು: 41. ಅಮ್ಮನನ್ನೇ ಕೇಳಿ ಹೇಳುತ್ತೇನೆ.