ಪದ ಬೇಕಿದೆ: ಅಂಗಡಿಯ ಹೊಸ ಪರದೆಯ Available, Committed (ಶನಿವಾರದೊಳಗೆ)

ಸು. ರಾ., ಹುಬ್ಬಳ್ಳಿ

ಮಿತ್ರರೇ,

ನಮ್ಮ ಊರಿನ ಒಂದು ಸೀರೆ ಅಂಗಡಿಯ ಜಾಲತಾಣ ಸೋಮವಾರ ಬೆಳಿಗ್ಗೆ ಬದಲಾಗುತ್ತದೆ. ಗಿರಾಕಿಗಳಿಗೆ ಕಾಣುವ ಪುಟಗಳು ಹಾಗೆಯೇ ಇರುತ್ತವೆ. ಬದಲಾಗುವುದು ಒಳಗಿನವರು ಲೆಕ್ಕ ನೋಡುವ ಪರದೆ. ಏನೇನು ಬದಲಾಗಿದೆ ಎಂದು ಪ್ರೋಗ್ರಾಂ ಬರೆದವರು ಇಂಗ್ಲಿಷಿನಲ್ಲಿ ಎರಡು ಪುಟ ಕೊಟ್ಟಿದ್ದಾರೆ. ಅದನ್ನು ಗಲ್ಲಾದ ಬಳಿ ಅಂಟಿಸಲು ಕನ್ನಡಕ್ಕೆ ತರುವ ಕೆಲಸ ನನ್ನದು. ಓದುವವರು ಹನ್ನೊಂದು ಜನ. ಸೀರೆಯ ವಿಷಯದಲ್ಲಿ ಅವರಿಗೆ ನಾವು ಯಾರೂ ಸಾಟಿಯಲ್ಲ, ಆದರೆ ಕಂಪ್ಯೂಟರ್ ಭಾಷೆ ಅವರದಲ್ಲ.

ನಾನು ಸಿಕ್ಕಿಬಿದ್ದಿರುವುದು ಇಲ್ಲಿ. ಹಳೆಯ ಪರದೆಯಲ್ಲಿ ಒಂದು ಸೀರೆಗೆ ಒಂದೇ ಸಂಖ್ಯೆ ಇತ್ತು, ಹೊಸದರಲ್ಲಿ ನಾಲ್ಕಿವೆ. ಇಳಕಲ್ ಸೀರೆಯ ಒಂದು ಬಣ್ಣವನ್ನು ತೆಗೆದುಕೊಳ್ಳಿ. ಕಪಾಟಿನಲ್ಲಿ 14 ಇವೆ. ಅವುಗಳಲ್ಲಿ 3ಕ್ಕೆ ಜಾಲತಾಣದಲ್ಲಿ ದುಡ್ಡು ಬಂದಿದೆ, ಇನ್ನೂ ಕಳಿಸಿಲ್ಲ. 1ಕ್ಕೆ ಕಲೆ ಹತ್ತಿದೆ. ಹೀಗಾಗಿ ಪರದೆಯಲ್ಲಿ On hand 14, Committed 3, Unavailable 1, Available 10 ಎಂದು ಬರುತ್ತದೆ.

ಮೊದಲ ಕರಡಿನಲ್ಲಿ Available ಎಂಬುದಕ್ಕೆ "ಲಭ್ಯ" ಎಂದು ಹಾಕಿ ಅಂಗಡಿಯ ಒಬ್ಬರಿಗೆ ತೋರಿಸಿದೆ. ಅವರು ಕಪಾಟು ಎಣಿಸಿ, "ಹದಿನಾಲ್ಕು ಲಭ್ಯ ಇವೆಯಲ್ಲ, ಇದು ತಪ್ಪು ತೋರಿಸುತ್ತಿದೆ" ಎಂದು 10ನ್ನು ಅಳಿಸಿ 14 ಮಾಡಿದರು. ಪುಣ್ಯಕ್ಕೆ ಅದು ಪರೀಕ್ಷೆಗೆಂದು ಇಟ್ಟ ಪರದೆ. ಅವರು ಹಾಗೆ ಮಾಡಿದೊಡನೆ On hand ತಾನಾಗಿ 18ಕ್ಕೆ ಏರಿತು. ನಿಜವಾದ ಪರದೆಯಲ್ಲಿ ಹೀಗಾಗಿದ್ದರೆ ಇಲ್ಲದ ನಾಲ್ಕು ಸೀರೆಗಳನ್ನೂ ಜಾಲತಾಣ ಮಾರಿಬಿಡುತ್ತಿತ್ತು. ಅವರ ಎಣಿಕೆ ಸರಿಯಾಗಿಯೇ ಇತ್ತು, ನನ್ನ ಪದ ಅವರನ್ನು ದಾರಿ ತಪ್ಪಿಸಿತು.

ಈ ನಾಲ್ಕಕ್ಕೂ ಪದ ಬೇಕು. ತಲೆಬರಹಕ್ಕೂ ಬೇಕು. "ಬಿಡುಗಡೆ ಟಿಪ್ಪಣಿ" ಎಂದು ಬರೆದಿದ್ದೆ; ಯಾವ ಹೊಸ ಸೀರೆ ಬಿಡುಗಡೆಯಾಗುತ್ತಿದೆ ಎಂದು ಕೇಳಿದರು.

ವಿ. ಕೆ., ಬೆಂಗಳೂರು

ದಾಸ್ತಾನು, ಕಾದಿರಿಸಿದ್ದು, ಅಲಭ್ಯ, ಲಭ್ಯ. ತಲೆಬರಹಕ್ಕೆ ಬಿಡುಗಡೆ ಟಿಪ್ಪಣಿಯೇ ಸರಿ. ಹತ್ತು ವರ್ಷಗಳಿಂದ ಈ ಪದಗಳು ಚಲಾವಣೆಯಲ್ಲಿವೆ. ಒಬ್ಬರಿಗೆ ತಿಳಿಯಲಿಲ್ಲವೆಂದು ಪದ ಬದಲಿಸುತ್ತ ಹೋದರೆ ಪರಿಭಾಷೆ ನಿಲ್ಲುವುದು ಯಾವಾಗ?

ನಾ. ಭ., ಶಿರಸಿ

"ಕಾದಿರಿಸು" ಅಲ್ಲ, "ಕಾಯ್ದಿರಿಸು". ಧಾತು ಕಾಯ್. ಕಾದು ಎಂದರೆ ಬಿಸಿಯಾಗಿ ಎಂದೂ ಆಗುತ್ತದೆ, ಯುದ್ಧ ಮಾಡು ಎಂದೂ ಆಗುತ್ತದೆ. ಬಸ್ಸಿನ ಟಿಕೆಟ್ ಕಿಟಕಿಯ ಮೇಲೆ "ಕಾಯ್ದಿರಿಸುವಿಕೆ" ಎಂದು ಇರುವುದನ್ನಾದರೂ ನೋಡಬಹುದಿತ್ತು.

ಇನ್ನು ದಾಸ್ತಾನು. ಅದು ಪಾರಸಿಯ ಕಡೆಯಿಂದ ಬಂದ ಪದ. ಸರಕು ಎಂಬ ಒಳ್ಳೆಯ ಪದ ನಮ್ಮಲ್ಲಿರುವಾಗ ಅದೇಕೆ? ಕೈಸರಕು, ಕಾಯ್ಸರಕು, ಮಾರ್ಸರಕು. ಒಂದೇ ಬೇರಿನ ಮೂರು ಕೊಂಬೆಗಳು. ಹೊಸ ಪರದೆಗೆ ಹೊಸ ಪದ ಕೊಡಿ, ಜನ ಕಲಿಯುತ್ತಾರೆ.

ವಿ. ಕೆ.

ಕಾಯ್ ಧಾತುವಿಗೆ ಕಾದು, ಕಾಯ್ದು ಎರಡೂ ರೂಪಗಳಿವೆ. ನಮ್ಮ ಈ ಅಂಚೆಪಟ್ಟಿಯಲ್ಲಿ ಇದೇ ವಾದ ಬರುತ್ತಿರುವುದು ಇದು ಮೂರನೆಯ ಬಾರಿ. ಇನ್ನು "ಪರದೆ"ಯೂ ಪಾರಸಿಯೇ. ಅದನ್ನೇಕೆ ಬಿಟ್ಟಿರಿ?

ಪ್ರ., ದಾವಣಗೆರೆ

ಗಿರಾಕಿಗಳಿಗೆ ಒಳಗಿನ ಲೆಕ್ಕವನ್ನೆಲ್ಲ ಏಕೆ ತೋರಿಸಬೇಕು? "ಇದೆ", "ಇಲ್ಲ" ಎಂದರೆ ಸಾಕು. ಹತ್ತು ಉಳಿದಿವೆ ಎಂದು ಕಂಡರೆ ಯಾರೂ ಅವಸರ ಮಾಡುವುದಿಲ್ಲ. ನಮ್ಮ ಪಾತ್ರೆ ಅಂಗಡಿಯ ತಾಣದಲ್ಲಿ ಹೀಗೆಯೇ ಮಾಡಿದ್ದೇವೆ.

ಸು. ರಾ.

ಸರ್, ಗಿರಾಕಿಗಳಿಗೆ ಇದು ಕಾಣುವುದೇ ಇಲ್ಲ. ಗಲ್ಲಾದಲ್ಲಿ ಕೂರುವವರಿಗೆ ಮಾತ್ರ.

ನಾ. ಭ. ಅವರೇ, ನಿಮ್ಮ ಮೂರು ಪದಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿದೆ. ಕೈಸರಕು, ಕಾಯ್ಸರಕು. ಸಣ್ಣ ಪರದೆಯಲ್ಲಿ, ಎದುರಿಗೆ ಗಿರಾಕಿ ನಿಂತಿರುವಾಗ, ಈ ಎರಡನ್ನು ಬೇರ್ಪಡಿಸಿ ಓದಲು ನನಗೇ ಆಗಲಿಲ್ಲ. ಕೊಂಬೆಗಳು ಒಂದೇ ಬೇರಿನವು ಎಂಬುದೇ ಇಲ್ಲಿ ತೊಡಕು.

ಬ. ಹಿ., ಗದಗ

ತಂಗೀ, ನಾನು ಸಹಕಾರಿ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಕಿರ್ದಿ, ಖತಾವಣಿ, ದಾಸ್ತಾನು ವಹಿ ಎಲ್ಲವೂ ಈ ಕೈಯಲ್ಲಿ ಹಾದು ಹೋಗಿವೆ. ನಿಮ್ಮ ಮೊದಲನೆಯ ಅಂಕಣಕ್ಕೆ ನಮ್ಮ ಕಡೆಯ ಪದ ಶಿಲ್ಕು. ಆರಂಭದ ಶಿಲ್ಕು, ಅಖೈರು ಶಿಲ್ಕು ಎಂದು ಇಂದಿಗೂ ಲೆಕ್ಕಪತ್ರಗಳಲ್ಲಿ ಬರೆಯುತ್ತಾರೆ. ಮರಾಠಿಯ ಶಿಲ್ಲಕ್ ಇದರ ನೆಂಟ. ಇದರಂಥ ಖಚಿತ ಪದ ಇನ್ನೊಂದಿಲ್ಲ. ಆದರೆ ಕೈಯಲ್ಲಿರುವ ನಗದಿಗೇ ಅದು ಹೆಚ್ಚು ಅಂಟಿಕೊಂಡಿದೆ, ಇಂದಿನ ಹುಡುಗರು ಅದನ್ನು ಕೇಳಿರುವುದೂ ಕಡಿಮೆ. ಅದನ್ನೇ ಹಾಕಿ ಎಂದು ನಾನು ಪಟ್ಟು ಹಿಡಿಯುವುದಿಲ್ಲ.

ಹೇಳಬೇಕಾದದ್ದು ಬೇರೆ ಇದೆ. ನಿಮ್ಮ ನಾಲ್ಕು ಸಂಖ್ಯೆಗಳಲ್ಲಿ ಕೈಯಿಂದ ಮುಟ್ಟಿ ಎಣಿಸಲು ಬರುವುದು On hand ಒಂದೇ. Available ಎಂಬುದು ಕಳೆದು ಬಂದ ಉತ್ತರ. 14ರಲ್ಲಿ 3 ಕಳೆಯಿರಿ, 1 ಕಳೆಯಿರಿ, 10. ಉತ್ತರವನ್ನು ತಿದ್ದಿದರೆ ಮೂಲ ಕೆಡುತ್ತದೆ, ನಿಮ್ಮಲ್ಲಿ 18 ಆದದ್ದು ಅದಕ್ಕೇ. ಆದ್ದರಿಂದ ಎಣಿಸುವ ಸಂಖ್ಯೆ ಯಾವುದು, ಕಳೆದು ಬರುವ ಸಂಖ್ಯೆ ಯಾವುದು ಎಂಬುದು ಪದದಲ್ಲೇ ಕಾಣಬೇಕು. "ಲಭ್ಯ" ಎಂದರೆ ನಮ್ಮ ಜನಕ್ಕೆ "ಇದೆ" ಎಂದು ಅರ್ಥ. ಇರುವುದನ್ನು ಅವರು ಎಣಿಸಿದರು. ತಪ್ಪೇನು?

Committedಗೆ ನಿಮ್ಮ ಅಂಗಡಿಯವರು ತಮ್ಮ ಮಾತಿನಲ್ಲಿ ಏನೆನ್ನುತ್ತಾರೆ, ಕೇಳಿದಿರಾ?

ಸು. ರಾ.

ಕೇಳಿದೆ ಕಾಕಾ. ಗಿರಾಕಿ ಮುಂಗಡ ಕೊಟ್ಟು ಹೋದ ಸೀರೆಗೆ "ಎತ್ತಿಟ್ಟದ್ದು" ಎನ್ನುತ್ತಾರೆ. ನನಗೂ ಪದ ಹಿಡಿಸಿತು. ಇಂದು ಅದನ್ನೇ ಹಾಕಿ ಇಬ್ಬರಿಗೆ ಕೊಟ್ಟೆ. ಇಬ್ಬರೂ ಮೂರು ಸೀರೆಗಳನ್ನು ಹುಡುಕಲು ಗಲ್ಲಾದ ಹಿಂದಿನ ಬೀರುವಿಗೆ ಹೋದರು. ಎತ್ತಿಟ್ಟ ಸೀರೆಗಳು ಇರುವುದು ಅಲ್ಲಿ. ಜಾಲತಾಣದಲ್ಲಿ ಮಾರಾಟವಾದವು ಕಟ್ಟಿ ಕಳಿಸುವವರೆಗೆ ಕಪಾಟಿನಲ್ಲೇ ಉಳಿದ ಸೀರೆಗಳ ಜೊತೆ ಇರುತ್ತವೆ, ಯಾರೂ ಅವನ್ನು ಎತ್ತಿಟ್ಟಿಲ್ಲ. ಪದ ಅವರದೇ, ಆದರೆ ಅದು ಹೇಳುವ ಸಂಗತಿ ಬೇರೆ.

"ಮೀಸಲು" ಎಂದು ಯಾರೋ ಖಾಸಗಿಯಾಗಿ ಬರೆದಿದ್ದರು. ಅದನ್ನು ಓದಿದವರು "ಮಾಲೀಕರಿಗೆ ಬೇಕಾದವರಿಗೆ ಇಟ್ಟದ್ದು" ಎಂದುಕೊಂಡರು.

ಬ. ಹಿ.

ಹಾಗಾದರೆ ನಾಮಪದ ಬಿಡಿ, ಕ್ರಿಯಾಪದ ಹಾಕಿ. ಅಂಗಡಿಯಲ್ಲಿದೆ 14. ಕೊಡಬೇಕು 3. ಮಾರುವಂತಿಲ್ಲ 1. ಮಾರಬಹುದು 10. ಗಲ್ಲಾದವನಿಗೆ ಬೇಕಾದದ್ದು ಆ ಸೀರೆಯನ್ನು ಏನು ಮಾಡಬೇಕು ಎಂಬುದು, ಅದರ ಹೆಸರಲ್ಲ.

ವಿ. ಕೆ.

"ಕೊಡಬೇಕು" ಎಂದರೆ ನೇಯ್ಗೆಯವರಿಗೆ ಕೊಡಬೇಕಾದ ಬಾಕಿ ಹಣ ಎಂದೂ ಓದಬಹುದು. ಅಂಕಣದ ತಲೆಗೆ ಕ್ರಿಯಾಪದ ಹಾಕುವುದು ಶಿಸ್ತಲ್ಲ. ಆದರೂ "ಮಾರಬಹುದು" ಎಂಬುದು "ಲಭ್ಯ"ಕ್ಕಿಂತ ಸ್ಪಷ್ಟವಾಗಿದೆ, ಒಪ್ಪುತ್ತೇನೆ.

ನಾ. ಭ.

ಹೀಗೆ ವಾಕ್ಯ ಮುರಿದು ಮುರಿದು ಹಾಕುತ್ತ ಹೋದರೆ ಕನ್ನಡದಲ್ಲಿ ಪದ ಹುಟ್ಟುವುದೇ ಇಲ್ಲ. ನಾಳೆ ಇನ್ನೊಂದು ಅಂಗಡಿ, ಇನ್ನೊಂದು ವಾಕ್ಯ. ಇಂಗ್ಲಿಷಿನವರು ಪದ ಕಟ್ಟಿದ್ದಾರೆ, ನಾವು ವಿವರಣೆ ಕೊಡುತ್ತಿದ್ದೇವೆ. ಪಾರಸಿಗೆ ಬಾಗಿಲು ತೆರೆದಿಟ್ಟವರಿಗೆ ಸ್ವಂತ ಧಾತುವಿನ ಮೇಲೆ ಇಷ್ಟು ಅನುಮಾನವೇಕೆ? "ಪರದೆ"ಯ ವಿಷಯದಲ್ಲಿ ವಿ. ಕೆ. ಹೇಳಿದ್ದು ಸರಿ. ಇನ್ನು ನಾನು "ತೆರೆ" ಎಂದೇ ಬರೆಯುತ್ತೇನೆ.

ಬ. ಹಿ.

ರಸೀದಿ, ಜಮಾ, ಖರ್ಚು, ಬಾಕಿ, ಇವನ್ನೆಲ್ಲ ತೆಗೆದುಹಾಕಿದರೆ ಕರ್ನಾಟಕದ ಒಂದು ಅಂಗಡಿಯೂ ಸಂಜೆ ಲೆಕ್ಕ ಮುಗಿಸುವುದಿಲ್ಲ. ಆ ಪದಗಳಿಗೆ ನಾವು ಬಾಗಿಲು ತೆರೆಯಲಿಲ್ಲ, ಅವು ನಮ್ಮ ಮನೆಯಲ್ಲೇ ಬೆಳೆದವು. ಸರಕು ಒಳ್ಳೆಯ ಪದ, ಅದನ್ನು ಬಳಸಿಯೇ ಬಾಳಿದ್ದೇನೆ. ಆದರೆ ಶನಿವಾರಕ್ಕೆ ಬೇಕಾದ ಕಾಗದದ ಮೇಲೆ ಭಾಷೆ ಕಟ್ಟುವ ಪ್ರಯೋಗ ಬೇಡ.

ಲ., ಮೈಸೂರು

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪದಗಳ ಬಗ್ಗೆ ಹೇಳುವಷ್ಟು ತಿಳಿದವಳಲ್ಲ, ಆದರೆ ಇಂಥ ಒಂದು ಕಾಗದದಿಂದ ನಮಗೆ ತೊಂದರೆಯಾಗಿತ್ತು. ಅದರಲ್ಲಿ "ದೋಷ ಸರಿಪಡಿಸಲಾಗಿದೆ" ಎಂದು ಬರೆದಿದ್ದರು. ಲೆಕ್ಕವೆಲ್ಲ ಸರಿಯಾಯಿತು ಎಂದು ನಾವು ನಂಬಿದೆವು. ಎರಡು ತಿಂಗಳ ನಂತರ ತಿಳಿದದ್ದು, ಸರಿಯಾದದ್ದು ಅಂದಿನಿಂದ ಮುಂದಕ್ಕೆ ಮಾತ್ರ. ಹಿಂದಿನ ತಪ್ಪು ಸಂಖ್ಯೆಗಳು ಹಾಗೆಯೇ ಕುಳಿತಿದ್ದವು. ನಿಮ್ಮ ಕಾಗದದಲ್ಲಿ ಅಂಥ ಸಾಲು ಇದೆಯೇ ನೋಡಿ.

ಸು. ರಾ.

ಮೇಡಂ, ಇದೆ! Fixed ಎಂಬ ಗುಂಪಿನಲ್ಲಿ ಒಂದು ಸಾಲು. ಆರ್ಡರ್ ರದ್ದಾದಾಗ ಸೀರೆ ಮರಳಿ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಅದನ್ನು ಸರಿಪಡಿಸಲಾಗಿದೆ ಎಂದು. ನಾನೂ ಹಾಗೆಯೇ ಕನ್ನಡಿಸಿದ್ದೆ. ನಿಮ್ಮ ಪತ್ರ ಓದಿ ಪ್ರೋಗ್ರಾಂ ಬರೆದವರಿಗೆ ಫೋನ್ ಮಾಡಿದೆ. ಸೋಮವಾರದಿಂದ ಮುಂದೆ ರದ್ದಾಗುವವು ಮಾತ್ರ ಮರಳುತ್ತವೆಯಂತೆ. ಈವರೆಗೆ ರದ್ದಾದವುಗಳ ಲೆಕ್ಕ ಕಡಿಮೆಯೇ ಉಳಿಯುತ್ತದೆ. ಅಂದರೆ ಕಪಾಟಿನಲ್ಲಿ ಸೀರೆ ಇರುತ್ತದೆ, ಜಾಲತಾಣ ಮಾತ್ರ ಮುಗಿದಿದೆ ಎನ್ನುತ್ತದೆ.

"ಸರಿಪಡಿಸಲಾಗಿದೆ" ಎಂಬ ಒಂದು ಕರ್ಮಣಿ ರೂಪ ಯಾರು, ಯಾವಾಗಿನಿಂದ, ಎಲ್ಲಿಯವರೆಗೆ ಎಂಬ ಮೂರನ್ನೂ ನುಂಗಿಬಿಟ್ಟಿತ್ತು. ಆ ಸಾಲನ್ನು ಹೀಗೆ ಬದಲಿಸಿದ್ದೇನೆ:

"ಸೋಮವಾರದಿಂದ ಆರ್ಡರ್ ರದ್ದು ಮಾಡಿದರೆ ಆ ಸೀರೆ ತಾನಾಗಿಯೇ ಲೆಕ್ಕಕ್ಕೆ ಮರಳುತ್ತದೆ. ಅದಕ್ಕೂ ಮುಂಚೆ ರದ್ದಾದ ಸೀರೆಗಳು ಮರಳಿಲ್ಲ. ಕಪಾಟಿನ ಎಣಿಕೆ ಪರದೆಯ ಎಣಿಕೆಗಿಂತ ಹೆಚ್ಚು ಬಂದರೆ ಕಾರಣ ಇದಿರಬಹುದು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ, ಕಲೆ ಹತ್ತಿದ್ದನ್ನೂ ಕಳಿಸಬೇಕಾದದ್ದನ್ನೂ ಸೇರಿಸಿ ಎಲ್ಲವನ್ನೂ ಎಣಿಸಿ, 'ಅಂಗಡಿಯಲ್ಲಿದೆ' ಎಂಬ ಸಂಖ್ಯೆಯನ್ನು ಮಾತ್ರ ತಿದ್ದಿರಿ. 'ಮಾರಬಹುದು' ಎಂಬುದನ್ನು ಮುಟ್ಟಬೇಡಿ, ಅದು ತಾನೇ ಬದಲಾಗುತ್ತದೆ."

ತಲೆಬರಹ: "ಸೋಮವಾರದಿಂದ ಲೆಕ್ಕದ ಪರದೆಯಲ್ಲಿ ಬದಲಾಗುವುದು". ಇದನ್ನು ಓದಿ ಯಾರೂ ಏನೂ ಕೇಳಲಿಲ್ಲ.

"ಕೊಡಬೇಕು" ಎಂಬುದಕ್ಕೆ ವಿ. ಕೆ. ಎತ್ತಿದ ಆಕ್ಷೇಪ ನಿಜವಾಯಿತು, ಗಲ್ಲಾದವರು ಅದನ್ನು ಹಣ ಎಂದೇ ಓದಿದರು. "ಕಳಿಸಬೇಕು" ಎಂದು ಮಾಡಿದೆ. ಪರದೆಯ ಪದಗಳನ್ನೂ ಬದಲಿಸಲು ಪ್ರೋಗ್ರಾಂ ಬರೆದವರು ಒಪ್ಪಿದ್ದಾರೆ, ಕಾಗದದಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಆಗುವುದಿಲ್ಲ:

```
"on_hand": "ಅಂಗಡಿಯಲ್ಲಿದೆ",
"committed": "ಕಳಿಸಬೇಕು",
"unavailable": "ಮಾರುವಂತಿಲ್ಲ",
"available": "ಮಾರಬಹುದು"
```

ಈ ಪದಗಳೊಡನೆ ಮೊದಲ ದಿನ ತಪ್ಪಿದವರಿಗೇ ಮತ್ತೆ ಕೊಟ್ಟೆ. ಕಪಾಟು ಎಣಿಸಿದರು, ಹದಿನಾಲ್ಕು ಎಂದರು, "ಅಂಗಡಿಯಲ್ಲಿದೆ" ನೋಡಿದರು, ಪರದೆಯನ್ನು ಮುಟ್ಟದೆ ಮುಂದಿನ ಸೀರೆಗೆ ಹೋದರು.

ವಿ. ಕೆ.

ಆರ್ಡರ್ ಮಾಡಿ ಅಂಗಡಿಗೇ ಬಂದು ಒಯ್ಯುವವರಿಲ್ಲವೇ? ಅದನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. "ಕಳಿಸಬೇಕು" ಅಲ್ಲಿ ನಿಲ್ಲುವುದಿಲ್ಲ.

ಸು. ರಾ.

ಇದ್ದಾರೆ, ವಾರಕ್ಕೆ ನಾಲ್ಕೈದು ಜನ. ನಾಳೆ ಮಧ್ಯಾಹ್ನ ಅಚ್ಚಿಗೆ ಕೊಡಬೇಕು. ಎರಡಕ್ಕೂ ಸಲ್ಲುವ ಪದ ಸಿಕ್ಕರೆ ಹನ್ನೆರಡು ಗಂಟೆಯೊಳಗೆ ಬರೆಯಿರಿ.

ನಾ. ಭ.

ಕಾಯ್ಸರಕು.