ದುಭಾಷಿ ಮೂಲಕ ನಡೆದ ಸಭೆಯ ನಡಾವಳಿ: ಸಹಾಯ ಬೇಕು

ನಮಸ್ಕಾರ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ವರ್ಕ್ಸ್ ಕಮಿಟಿ ಸಭೆಯ ನಡಾವಳಿ ಬರೆಯೋ ಜವಾಬ್ದಾರಿ ನನ್ನದು. ಆಡಳಿತದವರು ಕನ್ನಡದಲ್ಲಿ, ಒಡಿಶಾದ ಹೆಣ್ಣುಮಕ್ಕಳು ಒಡಿಯಾದಲ್ಲಿ ಮಾತಾಡ್ತಾರೆ. ಯಾರು ಯಾವ ಭಾಷೆಯಲ್ಲಿ ಮಾತಾಡಿದರು, ದುಭಾಷಿ ಯಾರು ಅಂತ ಹಾಜರಾತಿ ಕೆಳಗೇ ಬರೆದಿದ್ದೇನೆ.

ತೊಡಕು ಇಲ್ಲಿದೆ. ಒಬ್ಬರು ಓವರ್‌ಟೈಮ್ ಬಗ್ಗೆ ಹೇಳಿದ್ದನ್ನು ದುಭಾಷಿ ಕನ್ನಡಕ್ಕೆ ತಂದು, ‘ರಾತ್ರಿ 8ರ ಮೇಲೆ ಹಾಸ್ಟೆಲ್‌ಗೆ ಬಸ್ ಇಲ್ಲ’ ಅಂತ ತಾವೇ ಸೇರಿಸಿದರು. ಅದನ್ನು ಆ ಕಾರ್ಮಿಕರ ಹೆಸರಿಗೆ ಹಾಕೋದು ನ್ಯಾಯವಲ್ಲ, ನಾಳೆ ವಿಚಾರಣೆ ಬಂದರೆ ಉತ್ತರ ಕೊಡಬೇಕಾದವರು ಅವರು. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

“ಕಾರ್ಮಿಕ ಪ್ರತಿನಿಧಿ (ಒಡಿಯಾದಲ್ಲಿ, ದುಭಾಷಿಯ ಮೂಲಕ): ಸಂಜೆ ಓವರ್‌ಟೈಮ್ ಮಾಡಲು ಕಷ್ಟ ಎಂದು ತಿಳಿಸಿದರು. ದುಭಾಷಿಯ ಸ್ವಂತ ವಿವರಣೆ: 8ರ ನಂತರ ಬಸ್ ಇಲ್ಲ.”

ನಡಾವಳಿಯಲ್ಲಿ ಕಾರ್ಮಿಕರ ಮಾತಿಗೆ ಉದ್ಧರಣ ಚಿಹ್ನೆ ಹಾಕಿಲ್ಲ, ಯಾಕಂದ್ರೆ ಕನ್ನಡದ ಮಾತುಗಳು ದುಭಾಷಿಯವು.

ಕರಡನ್ನು ಒಡಿಯಾದಲ್ಲಿ ಓದಿ ಹೇಳಿದ ಮೇಲೆ ಸಹಿ ಹಾಕಿಸಬೇಕು ಅಂತಿದೀನಿ. ಅದನ್ನು ಓದಿ ಹೇಳೋದು ಬೇರೊಬ್ಬರಾದರೆ ಒಳ್ಳೇದು ಅನ್ಸುತ್ತೆ, ಏಕೆಂದರೆ ಈ ದುಭಾಷಿ ಆ ಕಾರ್ಮಿಕರದೇ ಲೈನಿನ ಸೂಪರ್‌ವೈಸರ್. ಆ ಸಂಬಂಧವನ್ನೂ ನಡಾವಳಿಯಲ್ಲಿ ನಮೂದಿಸ್ತೀರಾ? ಓದಿದಾಗ ಆ ಕಾರ್ಮಿಕರು ತಿದ್ದುಪಡಿ ಹೇಳಿದರೆ ಮೂಲ ಸಾಲು ಬದಲಿಸಬೇಕೋ, ಕೆಳಗೆ ಟಿಪ್ಪಣಿ ಸೇರಿಸಬೇಕೋ? ಇಂಥ ನಡಾವಳಿ ಬರೆದವರು ಒಂದು ಮಾದರಿ ಹಾಕಿ, ದಯವಿಟ್ಟು.